ಒಂದು ಪದದ ಬೆಲೆ

ಲೋಹಾರಾದ ಆ ತರುಣಿಗೆ ಬರವಣಿಗೆಯಿಂದ ಬಂದ ಮೊದಲ ಸಂಭಾವನೆ 720 ರೂಪಾಯಿ. ಅವಳು ನಿರೀಕ್ಷಿಸಿದ್ದು 1,000. ಹನಿ ನೀರಾವರಿಯ ಉಪಕರಣಗಳನ್ನು ಕುರಿತ ಇಂಗ್ಲಿಷ್ ಕೈಪಿಡಿಯೊಂದನ್ನು ಕನ್ನಡಕ್ಕೆ ತರುವ ಕೆಲಸವದು. ಮೂಲದಲ್ಲಿ 1,000 ಪದಗಳಿದ್ದವು. ಪದಕ್ಕೆ ಒಂದು ರೂಪಾಯಿ ಎಂದು ಮಾತಾಗಿತ್ತು. ಹಣ ಕಡಿಮೆ ಬಂದಾಗ ಅವಳು ಮೋಸವಾಯಿತೆಂದು ನೊಂದುಕೊಂಡಳು. ಕೇಳಿದಾಗ ಬಂದ ಉತ್ತರ ಸರಳವಾಗಿತ್ತು: ನೀವು ಕಳುಹಿಸಿದ ಕನ್ನಡ ಕಡತದಲ್ಲಿ ಇದ್ದದ್ದೇ 720 ಪದ.

ಯಾರೂ ಸುಳ್ಳು ಹೇಳಿರಲಿಲ್ಲ. ಪದಕ್ಕೆ ಇಷ್ಟು ಎಂದು ಇಬ್ಬರೂ ಒಪ್ಪಿದ್ದರು; ಯಾವ ಭಾಷೆಯ ಪದ ಎಂಬುದನ್ನು ಮಾತ್ರ ಇಬ್ಬರೂ ಹೇಳಿರಲಿಲ್ಲ.

ಲೋಹಾರಾ ಇರುವುದು ಮಹಾರಾಷ್ಟ್ರದ ಧಾರಾಶಿವ ಜಿಲ್ಲೆಯಲ್ಲಿ, ಉಮರ್ಗಾದ ನೆರೆಯಲ್ಲಿ. 1948ರವರೆಗೆ ಈ ಸೀಮೆಯೂ ಕಲಬುರಗಿ, ಬೀದರ ಸೀಮೆಗಳೂ ನಿಜಾಮನ ಒಂದೇ ಸಂಸ್ಥಾನದೊಳಗಿದ್ದವು. ನಿಲಂಗಾ, ಉದಗೀರ ತಾಲೂಕುಗಳಂತೂ 1956ರ ಪುನರ್ವಿಂಗಡಣೆಯವರೆಗೆ ಬೀದರ ಜಿಲ್ಲೆಗೇ ಸೇರಿದ್ದವು. ಗೆರೆ ಬಿದ್ದ ಮೇಲೂ ಸಂತೆ, ಸಂಬಂಧ, ಆಸ್ಪತ್ರೆಯ ಓಡಾಟಗಳು ಹಾಗೆಯೇ ಉಳಿದವು. ಮನೆಯಲ್ಲಿ ಕನ್ನಡವನ್ನೂ ಶಾಲೆಯಲ್ಲಿ ಮರಾಠಿಯನ್ನೂ ಕಲಿತು ಬೆಳೆದ ಈ ತರುಣಿ, ಎರಡು ಭಾಷೆಗಳು ತನಗಿರುವುದನ್ನು ಅನ್ನದ ದಾರಿಯೆಂದು ಎಂದೂ ಎಣಿಸಿರಲಿಲ್ಲ. 280 ರೂಪಾಯಿಯ ಆ ಕೊರತೆಯೇ ಅವಳನ್ನು ಲೆಕ್ಕಕ್ಕೆ ಕೂರಿಸಿತು.

ಮೊದಲು ಅವಳು ತನ್ನ ಅನುವಾದವನ್ನೇ ಎದುರಿಗಿಟ್ಟುಕೊಂಡು ನೋಡಿದಳು. ಬಾವಿಯಲ್ಲಿ ನೀರಿಲ್ಲದವರಿಗೆ ಎಂಬುದನ್ನು ಇಂಗ್ಲಿಷ್ ಮೂಲ ಹತ್ತು ಪದಗಳಲ್ಲಿ ಹೇಳಿತ್ತು. ಕನ್ನಡದಲ್ಲಿ ಅದು ಎರಡೇ ಪದ. ಇಂಗ್ಲಿಷಿನಲ್ಲಿ ಬಿಡಿಯಾಗಿ ನಿಲ್ಲುವ ಸಂಬಂಧಸೂಚಕಗಳು ಕನ್ನಡದಲ್ಲಿ ವಿಭಕ್ತಿ ಪ್ರತ್ಯಯಗಳಾಗಿ ನಾಮಪದಕ್ಕೆ ಅಂಟಿಕೊಳ್ಳುತ್ತವೆ. ನಿಷೇಧ, ಕಾಲ, ಲಿಂಗ, ವಚನಗಳೆಲ್ಲ ಕ್ರಿಯಾಪದದೊಳಗೆ ಸೇರಿಕೊಳ್ಳುತ್ತವೆ. ಅದರ ಮೇಲೆ ಸಂಧಿ ಬಂದು ಎರಡನ್ನು ಒಂದಾಗಿಸುತ್ತದೆ. ಗಣಕಯಂತ್ರಕ್ಕೆ ಈ ವ್ಯಾಕರಣ ತಿಳಿಯದು. ಎರಡು ಖಾಲಿ ಜಾಗಗಳ ನಡುವೆ ಇರುವುದೆಲ್ಲ ಅದಕ್ಕೆ ಒಂದು ಪದ. ಹಾಗಾಗಿ ನೀರಿಲ್ಲದವರಿಗೆ ಎಂದು ಲೋಪಸಂಧಿ ಮಾಡಿ ಬರೆದರೆ ಒಂದು ರೂಪಾಯಿ. ನೀರು ಇಲ್ಲದವರಿಗೆ ಎಂದು ಬಿಡಿಸಿ ಬರೆದರೆ ಎರಡು ರೂಪಾಯಿ. ಕನ್ನಡ ಪದಗಳ ಲೆಕ್ಕದಲ್ಲಿ ಕೂಲಿ ಪಡೆಯುವವರ ಗದ್ಯ ಸಡಿಲಗೊಳ್ಳುವ ಅಪಾಯ ಇಲ್ಲಿದೆ. ಬಿಗಿಯಾಗಿ ಬರೆದವರಿಗೆ ನಷ್ಟ, ಎಳೆದು ಬರೆದವರಿಗೆ ಲಾಭ.

ಹಳೆಯ ಲಿಪಿಕಾರರು ಈ ತೊಡಕಿಗೆ ಸಿಕ್ಕಿರಲಿಲ್ಲ. ನಮ್ಮ ದೇಶದ ಹಸ್ತಪ್ರತಿಗಳಲ್ಲಿ 32 ಅಕ್ಷರಗಳನ್ನು ಒಂದು ಗ್ರಂಥವೆಂದು ಎಣಿಸುವ ರೂಢಿಯಿತ್ತು. ಅನುಷ್ಟುಪ್ ಶ್ಲೋಕದ ಅಕ್ಷರಸಂಖ್ಯೆಯೇ ಆ ಅಳತೆ. ಗದ್ಯವನ್ನೂ ಅದರಿಂದಲೇ ಅಳೆದು, ಒಟ್ಟು ಗ್ರಂಥಸಂಖ್ಯೆಯನ್ನು ಪ್ರತಿಯ ಕೊನೆಯಲ್ಲಿ ಬರೆಯುತ್ತಿದ್ದರು. ಪ್ರತಿಕಾರನ ಕೂಲಿಗೂ ಅದು ಆಧಾರವಾಗುತ್ತಿತ್ತು. ಸಂಧಿ ಮಾಡಿದರೂ ಬಿಡಿಸಿದರೂ ಅಕ್ಷರಗಳ ಎಣಿಕೆ ಹೆಚ್ಚು ಏರುಪೇರಾಗದು. ಉದ್ದನೆಯ ಸಮಾಸಗಳಿಗೆ ಹೆಸರಾದ ಜರ್ಮನಿಯಲ್ಲಿ ಇಂದಿಗೂ ಅನುವಾದದ ಕೂಲಿಯನ್ನು ಸಾಲಿನ ಲೆಕ್ಕದಲ್ಲಿ ಕೊಡುವುದುಂಟು; ಖಾಲಿ ಜಾಗಗಳೂ ಸೇರಿ 55 ಅಕ್ಷರಗಳಿಗೆ ಒಂದು ಸಾಲು. ನಮ್ಮಲ್ಲಿ ಮಾತ್ರ ಇಂಗ್ಲಿಷಿಗೆ ಹೊಂದುವ ಪದದ ಅಳತೆಯೇ ಚಾಲ್ತಿಗೆ ಬಂದಿದೆ. ಕೆಲಸ ಕೊಡುವವರ ಅಳತೆಗೋಲನ್ನು ಹೊಸಬಳೊಬ್ಬಳು ಬದಲಿಸಲಾರಳು. ಆದರೆ ಆ ಕೋಲಿನಲ್ಲಿ ತನ್ನ ದರವೆಷ್ಟು ಎಂದು ತಿಳಿಯಬಲ್ಲಳು.

ಅವಳು ದರವನ್ನು ಹುಡುಕಿದ್ದು ಮಾರುಕಟ್ಟೆಯಿಂದಲ್ಲ, ತನ್ನ ಮನೆಯ ಖರ್ಚಿನಿಂದ. ತಿಂಗಳಿಗೆ 15,000 ರೂಪಾಯಿ ಕೈಗೆ ಬಂದರೆ ಸಂಸಾರಕ್ಕೆ ಅವಳ ಪಾಲು ಸಂದಂತೆ. ಇಂಟರ್‌ನೆಟ್, ವಿದ್ಯುತ್ತು, ಗಣಕಯಂತ್ರದ ಸವಕಲು ಎಂದು ಇನ್ನು 2,000. ತಿಂಗಳಲ್ಲಿ 22 ದಿನ ಕೆಲಸ. ದಿನಕ್ಕೆ ಆರು ಗಂಟೆ ಕುಳಿತರೂ ಕೆಲಸ ಹುಡುಕುವುದು, ಪತ್ರ ಬರೆಯುವುದು, ಬಾಕಿ ಕೇಳುವುದು ಇವಕ್ಕೆ ಎರಡು ಗಂಟೆ ಹೋಗುತ್ತವೆ. ಅವಕ್ಕೆ ಯಾರೂ ಹಣ ಕೊಡರು. ಉಳಿದದ್ದು ನಾಲ್ಕು ಗಂಟೆ, ತಿಂಗಳಿಗೆ 88. ಹೀಗೆ 17,000ವನ್ನು 88ರಿಂದ ಭಾಗಿಸಿದಾಗ ಗಂಟೆಗೆ 193 ರೂಪಾಯಿ ಬಂತು.

ಇನ್ನು ತನ್ನ ವೇಗ. ಆ ಕೈಪಿಡಿಗೆ ನಾಲ್ಕು ಗಂಟೆ ಕರಡಿಗೆ, ಎರಡು ಗಂಟೆ ತಿದ್ದುವುದಕ್ಕೆ ಹಿಡಿದಿತ್ತು. ಆರು ಗಂಟೆಗೆ 1,000 ಇಂಗ್ಲಿಷ್ ಪದ. ಆರು ಗಂಟೆಯ ಕೂಲಿ 1,160 ರೂಪಾಯಿಯ ಸುಮಾರು. ಅಂದರೆ ಮೂಲದ ಪದಕ್ಕೆ 1 ರೂಪಾಯಿ 16 ಪೈಸೆ. ಅದೇ ಮೊತ್ತವನ್ನು 720 ಕನ್ನಡ ಪದಗಳ ಮೇಲೆ ಹಂಚಿದರೆ ಪದಕ್ಕೆ 1 ರೂಪಾಯಿ 61 ಪೈಸೆ. ಎರಡೂ ಒಂದೇ ದರ. ಪೂರ್ಣ 1,000 ರೂಪಾಯಿ ಬಂದಿದ್ದರೂ ಗಂಟೆಗೆ 167 ಮಾತ್ರ ಆಗುತ್ತಿತ್ತೆಂದು ಆಗ ಅವಳಿಗೆ ಕಂಡಿತು, ಪಡೆದದ್ದು 120. ಮೋಸ ಮಾಡಿದವರಿಗಿಂತ ಹೆಚ್ಚು, ಲೆಕ್ಕ ಹಾಕದ ತಾನೇ ತನ್ನನ್ನು ಕಡಿಮೆಗೆ ಕೊಟ್ಟುಕೊಂಡಿದ್ದಳು.

ಈ ದರವೂ ಎಲ್ಲ ಕೆಲಸಕ್ಕೆ ಒಂದೇ ಅಲ್ಲ. ಮರಾಠಿಯಿಂದ ಅನುವಾದಿಸುವಾಗ ಅವಳ ಕೈ ಬೇಗ ಓಡುತ್ತಿತ್ತು. ಗಂಟೆಗೆ 200 ಪದ. ಮರಾಠಿಯ 'ಕರತ್ ಆಹೇ' ಎಂಬ ಎರಡು ಪದ ಕನ್ನಡದಲ್ಲಿ 'ಮಾಡುತ್ತಿದೆ' ಎಂದು ಒಂದಾಗುತ್ತದೆ. ಆದರೆ ಮರಾಠಿಯಲ್ಲೂ ಪ್ರತ್ಯಯಗಳು ಅಂಟಿಯೇ ಬರುವುದರಿಂದ ಕುಗ್ಗುವಿಕೆ ಇಂಗ್ಲಿಷಿನಷ್ಟಿಲ್ಲ. ತಾನು ಮಾಡಿದ ಪುಟಗಳನ್ನು ಎಣಿಸಿದಾಗ ಮರಾಠಿಯ ನೂರಕ್ಕೆ ಕನ್ನಡದ ಎಂಬತ್ತೈದು ಬಂತು. ಸ್ವಂತ ಬರಹವಾದರೆ ಲೆಕ್ಕವೇ ಬೇರೆ. 600 ಪದಗಳ ಪರಿಚಯ ಲೇಖನಕ್ಕೆ ಒಂದು ದಿನ ಊರೂರು ತಿರುಗಿ ಜನರನ್ನು ಮಾತನಾಡಿಸಬೇಕಾದರೆ, ಆ ತಿರುಗಾಟದ ಗಂಟೆಗಳೂ ಪದಗಳ ಬೆಲೆಯೊಳಗೆ ಬರಬೇಕು.

ದರ ತಿಳಿದ ಮೇಲೆ ಉಳಿದದ್ದು, ಅದನ್ನು ಕೊಡುವವರು ಯಾರು ಎಂಬ ಪ್ರಶ್ನೆ. ಕೆಲಸವಿದೆಯೇ ಎಂದು ಕಂಡಕಂಡವರನ್ನು ಕೇಳುವುದನ್ನು ಅವಳು ಬಿಟ್ಟಳು. ಈಗಾಗಲೇ ಕನ್ನಡದಲ್ಲಿ ಏನನ್ನಾದರೂ ಮುದ್ರಿಸಿ ಕೆಡಿಸಿದವರನ್ನು, ಕನ್ನಡದ ಗಿರಾಕಿಗಳಿದ್ದೂ ಮರಾಠಿಯಲ್ಲೇ ಮುದ್ರಿಸುತ್ತಿರುವವರನ್ನು ಪಟ್ಟಿ ಮಾಡಿದಳು. ಬೀಜ, ಔಷಧಿಗಳ ಕರಪತ್ರ, ಆಸ್ಪತ್ರೆಯ ಸೂಚನಾಫಲಕ, ಉಪಕರಣಗಳ ಪೆಟ್ಟಿಗೆಯ ಮೇಲಿನ ಬರಹ, ಎಲ್ಲವನ್ನೂ ಕೂಡಿಹಾಕಿದಳು. ಪ್ರತಿಯೊಬ್ಬರಿಗೂ ಬರೆದ ಪತ್ರ ಅರ್ಧ ಪುಟ ಮೀರಲಿಲ್ಲ. ಅವರದೇ ಮುದ್ರಣದ ಎರಡು ವಾಕ್ಯ, ತಿದ್ದಿದ ರೂಪ, ಆ ತಪ್ಪಿನಿಂದ ರೈತ ಏನೆಂದು ತಿಳಿದಾನು ಎಂಬ ಒಂದು ಮಾತು, ಕೊನೆಗೆ ತನ್ನ ದರ ಮತ್ತು ಅವಧಿ. ಹದಿನೈದು ಪತ್ರಗಳಿಗೆ ನಾಲ್ಕು ಉತ್ತರ ಬಂದವು, ಎರಡು ಕೆಲಸವಾದವು.

ಅದರಲ್ಲಿ ಒಂದು ಉಮರ್ಗಾದ ಕೃಷಿ ಸಾಮಗ್ರಿಯ ಅಂಗಡಿಯದು. ಆಳಂದದ ಕಡೆಯ ರೈತರು ಅಲ್ಲಿಗೆ ಬರುತ್ತಿದ್ದರು, ಕರಪತ್ರ ಮರಾಠಿಯಲ್ಲಿತ್ತು. 800 ಪದ, ನಾಲ್ಕು ಗಂಟೆಯ ಕೆಲಸ. ಅವಳ ಲೆಕ್ಕಕ್ಕೆ 772 ರೂಪಾಯಿಗಿಂತ ಕಡಿಮೆ ಸಲ್ಲದು. ಅಚ್ಚಿನ ಕರಡು ತಿದ್ದುವುದನ್ನೂ ಸೇರಿಸಿ ಅವಳು 900 ಕೇಳಿದಳು. ಅಂಗಡಿಯ ಹಿರಿಯರಿಗೆ ಪದದ ಲೆಕ್ಕ ಬೇಕಿರಲಿಲ್ಲ.

"ತಂಗಿ, ನಾಕ್ ಪುಟಕ್ಕ ಒಂಬತ್ನೂರು ಭಾಳ ಆಯ್ತು. ಏಳ್ನೂರಿಗೆ ಮಾಡಿಕೊಡು."

"ಏಳ್ನೂರರೊಳಗ ಆಗಬೇಕಂದ್ರ ಕಾಕಾ, ಕಂಪನಿ ಇತಿಹಾಸದ ಎರಡು ತುಕಡಿ ತೆಗೀರಿ. ರೈತರು ಅದನ್ನ ಓದಂಗಿಲ್ಲ. ಆರ್ನೂರು ಶಬ್ದ ಉಳೀತಾವ, ಆರ್ನೂರಾ ಎಪ್ಪತ್ತೈದು ಆಗ್ತದ."

ಅವರು ಒಪ್ಪಿದರು. ಅವಳು ದರವನ್ನು ಇಳಿಸಲಿಲ್ಲ, ಕೆಲಸವನ್ನು ಇಳಿಸಿದಳು. ದರವನ್ನು ಒಮ್ಮೆ ಇಳಿಸಿದ್ದರೆ ಮುಂದಿನ ಹಂಗಾಮಿನ ಕರಪತ್ರವೂ ಅಲ್ಲಿಂದಲೇ ಆರಂಭವಾಗುತ್ತಿತ್ತು.

ಇನ್ನೊಂದು ಕೆಲಸ ಪುಣೆಯ ಅನುವಾದ ಸಂಸ್ಥೆಯೊಂದರದು. ಗಿರಾಕಿಯನ್ನು ಹುಡುಕುವ, ಮತ್ತೊಬ್ಬರಿಂದ ಪರಿಶೀಲನೆ ಮಾಡಿಸುವ ಖರ್ಚು ಇಂಥವರದಾದ್ದರಿಂದ ಅನುವಾದಕರ ಪಾಲು ಕಡಿಮೆ. ಇಂಗ್ಲಿಷ್ ಪದಕ್ಕೆ 80 ಪೈಸೆ ಎಂದರು. ಅವಳು ಒಮ್ಮೆಲೇ ನಿರಾಕರಿಸಲಿಲ್ಲ. ಆ ದರದಲ್ಲಿ 193 ರೂಪಾಯಿ ದುಡಿಯಲು ಗಂಟೆಗೆ 241 ಪದ ಆಗಬೇಕು. ಒಂದೇ ಬಗೆಯ ವಾಕ್ಯಗಳು ಮರುಕಳಿಸುವ ಅರ್ಜಿ, ನಮೂನೆಗಳಲ್ಲಿ ಅದು ಸಾಧ್ಯ. ವೈದ್ಯಕೀಯ ಬರಹದಲ್ಲಿ ಅಲ್ಲ. ಮೊದಲಿನದನ್ನು ಒಪ್ಪಿ ಎರಡನೆಯದನ್ನು ಬಿಟ್ಟಳು. ಸಂಸ್ಥೆಯು ಬಿಲ್ಲಿನಲ್ಲಿ ಶೇ. 10 ಆದಾಯ ತೆರಿಗೆ ಕಳೆದು ಕೊಟ್ಟಾಗ ಅದು ಕಳೆದುಹೋದ ಹಣವಲ್ಲವೆಂದೂ, ಪ್ಯಾನ್ ಸಂಖ್ಯೆಗೆ ಜಮೆಯಾಗಿರುವ ಆ ಮೊತ್ತವನ್ನು ರಿಟರ್ನ್ ಸಲ್ಲಿಸಿ ಮರಳಿ ಕೇಳಬಹುದೆಂದೂ ತಿಳಿದುಕೊಂಡಳು.

ಕೆಟ್ಟ ಅನುಭವವೂ ಒಂದಾಯಿತು. ಪರೀಕ್ಷೆಗೆಂದು ಒಬ್ಬರು 1,500 ಪದಗಳನ್ನು ಉಚಿತವಾಗಿ ಮಾಡಿಸಿಕೊಂಡು ಮೌನವಾದರು. ಪರೀಕ್ಷೆಗೆ 250-300 ಪದ ಸಾಕು. ಅಷ್ಟರಲ್ಲಿ ಅನುವಾದಕರ ಯೋಗ್ಯತೆ ತಿಳಿಯದವರಿಗೆ 1,500ರಲ್ಲೂ ತಿಳಿಯದು. ನಡುವಿನಿಂದ ಕತ್ತರಿಸಿದಂತೆ ಆರಂಭವಾಗಿ ನಡುವೆಯೇ ನಿಲ್ಲುವ ಉದ್ದನೆಯ ಪರೀಕ್ಷಾಪಾಠ ಬಂದರೆ, ಉಳಿದ ತುಂಡುಗಳು ಬೇರೆಯವರ ಬಳಿ ಇವೆಯೆಂದು ಸಂಶಯಿಸಬೇಕು. ಕೆಲಸ ಕೊಡುವ ಮುನ್ನ ನೋಂದಣಿ ಶುಲ್ಕ ಕೇಳುವವರಿಗೆ ಉತ್ತರಿಸಬೇಕಾದ ಅಗತ್ಯವೇ ಇಲ್ಲ.

ಅಲ್ಲಿಂದ ಮುಂದೆ ಅವಳ ಒಪ್ಪಂದಪತ್ರದಲ್ಲಿ ಐದು ಸಾಲುಗಳು ತಪ್ಪದೆ ಇರುತ್ತಿದ್ದವು. ಎಣಿಕೆ ಮೂಲಭಾಷೆಯ ಪದಗಳದು. ಒಟ್ಟು ಮೊತ್ತ ಇಷ್ಟು. ಹೊಸ ಗಿರಾಕಿಯಾದರೆ ಅರ್ಧ ಮುಂಗಡ. ತಿದ್ದುಪಡಿ ಒಂದು ಸಲ ಉಚಿತ. ಉಳಿದ ಹಣ 30 ದಿನಗಳೊಳಗೆ. ಮೂಲದ ಪದಗಳನ್ನು ಕೆಲಸ ಆರಂಭವಾಗುವ ಮೊದಲೇ ಇಬ್ಬರೂ ಎಣಿಸಬಹುದಾದ್ದರಿಂದ ಕೊನೆಯಲ್ಲಿ ವಾದಕ್ಕೆ ಎಡೆಯಿರಲಿಲ್ಲ.

ಮುಂದಿನ ಹಂಗಾಮಿನಲ್ಲಿ ಅಂಗಡಿಯ ಹಿರಿಯರು ತಾವಾಗಿಯೇ ಕರೆ ಮಾಡಿದರು. ಈ ಬಾರಿ ಕರಪತ್ರ ತೊಗರಿಯದು. ಅವಳು ಮರಾಠಿ ಪದಗಳನ್ನು ಎಣಿಸಿ, ಮೊತ್ತ ಹೇಳಿ, ಬರೆಯಲು ಕುಳಿತಳು. ನೀರಿಲ್ಲದವರಿಗೆ ಎಂಬ ಪದ ಮತ್ತೆ ಬಂತು. ಅದನ್ನು ಬಿಡಿಸಿ ಬರೆಯುವ ಪ್ರಮೇಯ ಈಗ ಅವಳಿಗಿರಲಿಲ್ಲ.