ಎಡಗಿವಿಗೆ ವಾಲಿ, ಬಲಗಿವಿಗೆ ರಾಮ

ಉಡುಪಿಯಿಂದ ಕಾರ್ಕಳಕ್ಕೆ ಹೋಗುವ ಬಸ್ಸಿನಲ್ಲಿ ತಾಳಮದ್ದಳೆ ಕೇಳುವವರು ಎರಡೂ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳುವುದಿಲ್ಲ. ಒಂದು ಕಿವಿ ಪ್ರಸಂಗಕ್ಕೆ, ಇನ್ನೊಂದು ಕಂಡಕ್ಟರಿಗೆ. ಮೊನ್ನೆ ಕಾಪುವಿನ ಮನೆಯೊಂದರಲ್ಲಿ ನಡೆದ ವಾಲಿಮೋಕ್ಷದ ಕಚ್ಚಾ ಫೈಲನ್ನು ಹಠ ಹಿಡಿದು ಇಸಿದುಕೊಂಡ ಸ್ನೇಹಿತರೊಬ್ಬರು ಹಿರಿಯಡಕ ದಾಟುವ ಮೊದಲೇ ಫೋನ್ ಮಾಡಿದರು. "ಎಂತದು ಮಾರಾಯ್ರೆ, ವಾಲಿ ಒಬ್ಬನೇ ಕೂಗಾಡ್ತಾ ಉಂಟು. ರಾಮ ಕಾರ್ಯಕ್ರಮಕ್ಕೆ ಬರ್ಲೇ ಇಲ್ವಾ?"

ರಾಮ ಬಂದಿದ್ದ. ಅವರ ಜೇಬಿನಲ್ಲಿ ನೇತಾಡುತ್ತಿದ್ದ ಬಲಗಡೆಯ ಇಯರ್‌ಫೋನಿನಲ್ಲಿ ಬಾಣ ಬಿಟ್ಟದ್ದಕ್ಕೆ ಸಮಜಾಯಿಷಿ ಕೊಡುತ್ತಿದ್ದ. ನಾನು ಇಬ್ಬರು ಅರ್ಥಧಾರಿಗಳ ಅಂಗಿಗೂ ಒಂದೊಂದು ಪುಟ್ಟ ಮೈಕ್ ಸಿಕ್ಕಿಸಿ, ಒಂದನ್ನು ರೆಕಾರ್ಡರಿನ ಎಡ ಚಾನೆಲ್ಲಿಗೂ ಇನ್ನೊಂದನ್ನು ಬಲಕ್ಕೂ ಕೊಡುತ್ತೇನೆ. ಸ್ಟೀರಿಯೊ ಹುಟ್ಟಿದ್ದು ಇದಕ್ಕಲ್ಲ. 1931ರಲ್ಲಿ ಅದರ ಪೇಟೆಂಟಿಗೆ ಅರ್ಜಿ ಹಾಕಿದ ಅಲನ್ ಬ್ಲಮ್ಲೈನ್ ಬಯಸಿದ್ದು ಕೇಳುಗನ ಎದುರು ಒಂದಿಡೀ ರಂಗ ಹರಡಿಕೊಳ್ಳಬೇಕೆಂದು. ನಮ್ಮಂಥವರು ಆ ಎರಡು ಚಾನೆಲ್ಲುಗಳನ್ನು ಎರಡು ಪ್ರತ್ಯೇಕ ಮೋನೋ ರೆಕಾರ್ಡರುಗಳ ಹಾಗೆ ದುಡಿಸಿಕೊಂಡು, ಮನೆಗೆ ಬಂದು ಬೇರೆ ಮಾಡುತ್ತೇವೆ. ನನಗೆ ಈ ಬೇರೆ ಮಾಡುವ ಕೆಲಸ ರೆಕಾರ್ಡಿಂಗಿಗಿಂತ ಹೆಚ್ಚು ಇಷ್ಟ.

ಕೆಲಸವೇನೂ ದೊಡ್ಡದಲ್ಲ. Audacity ಇಟ್ಟುಕೊಂಡವರು ಟ್ರ್ಯಾಕಿನ ಮೆನು ಬಿಚ್ಚಿ Split Stereo to Mono ಒತ್ತಿದರೆ ಮುಗಿಯಿತು. ಅದರ ಪಕ್ಕದಲ್ಲೇ Split Stereo Track ಎಂಬ ಇನ್ನೊಂದು ಸಾಲು ಇದೆ. ಅದೂ ಎರಡು ಮಾಡುತ್ತದೆ, ಆದರೆ ಒಂದನ್ನು ಪೂರ್ತಿ ಎಡಕ್ಕೆ, ಇನ್ನೊಂದನ್ನು ಪೂರ್ತಿ ಬಲಕ್ಕೆ ತಳ್ಳಿಯೇ ಇಟ್ಟಿರುತ್ತದೆ. ಅದನ್ನು ಹಾಗೆಯೇ ಹೊರತೆಗೆದರೆ ಬಸ್ಸಿನ ಕಥೆ ಮತ್ತೆ ಶುರು. ನನಗೆ ಮಾತ್ರ sox ಗೆ ಬರೆದು ಹೇಳುವುದೇ ಹಿತ:

```
sox vali.wav eda.wav remix 1
sox vali.wav bala.wav remix 2
```

ಎರಡು ಸಾಲು, ಎರಡು ಫೈಲು. ಯಾವುದು ಯಾರದ್ದೆಂದು ಊಹಿಸಬೇಕಾಗಿಯೂ ಇಲ್ಲ. ಭಾಗವತರು ಶ್ರುತಿ ಕೂಡಿಸುತ್ತಿರುವಾಗಲೇ ವಾಲಿಯ ಮೈಕನ್ನು ಉಗುರಿನಿಂದ ಕೆರೆದು "ಇದು ವಾಲಿ" ಎಂದು ಹೇಳಿಬಿಟ್ಟಿರುತ್ತೇನೆ. ಆ ಕೆರೆತ ಯಾವ ಫೈಲಿನಲ್ಲಿ ಕಿವಿಗೆ ಚುಚ್ಚುತ್ತದೆಯೋ ಅದು ವಾಲಿಯದು.

ಒಡೆಯುವ ಮುಂಚೆ ಒಡೆಯಲು ಏನಾದರೂ ಇದೆಯೇ ಎಂದು ನೋಡಿಕೊಳ್ಳಬೇಕು. ಎರಡು ಮೈಕುಗಳನ್ನು ಒಂದೇ ತೂತಿಗೆ ಸೇರಿಸಲು ಅಂಗಡಿಯಲ್ಲಿ ಕವಲು ವಯರು ಕೇಳಿದರೆ ಹತ್ತರಲ್ಲಿ ಒಂಬತ್ತು ಸಲ ಹೆಡ್‌ಫೋನಿನ ಕವಲು ಕೊಡುತ್ತಾರೆ. ನೋಡಲು ಎರಡೂ ಒಂದೇ ಥರ. ಆದರೆ ಹೆಡ್‌ಫೋನಿನದು ಎರಡೂ ಮೈಕುಗಳನ್ನು ಸಮಾನಾಂತರವಾಗಿ ಜೋಡಿಸಿಬಿಡುತ್ತದೆ, ಎಡದಲ್ಲೂ ಬಲದಲ್ಲೂ ಅದೇ ಕಲಸುಮೇಲೋಗರ ದಾಖಲಾಗುತ್ತದೆ. ಪರದೆಯ ಮೇಲೆ ಎರಡು ಅಲೆಗಳು ಕಾಣುತ್ತವೆ, ಜನ ಸ್ಟೀರಿಯೊ ಎಂದು ನಂಬುತ್ತಾರೆ. ಹಳೆಯ ಕ್ಯಾಸೆಟ್ಟುಗಳಲ್ಲೂ ಇದೇ. ನನ್ನ ಕೈಗೆ ಬಂದ ಶೇಣಿ ಗೋಪಾಲಕೃಷ್ಣ ಭಟ್ಟರ ಕಾಲದ ಕೂಟಗಳೆಲ್ಲ ನಡುವೆ ಒಂದೇ ಮೈಕ್ ಇಟ್ಟು ಹಿಡಿದವು. ಅವನ್ನು ಸ್ಟೀರಿಯೊ ಡೆಕ್ಕಿನಲ್ಲಿ ಓಡಿಸಿ, ಕಂಪ್ಯೂಟರಿಗೆ ಹಾಕಿ, "ಎರಡು ಟ್ರ್ಯಾಕ್ ಮಾಡಿಟ್ಟಿದ್ದೇನೆ, ಶೇಣಿಯವರದ್ದು ಬೇರೆ, ಎದುರಿನವರದ್ದು ಬೇರೆ" ಎಂದು ಹೆಮ್ಮೆಯಿಂದ ಕೊಟ್ಟವರಿದ್ದಾರೆ. ಎರಡರಲ್ಲೂ ಇಬ್ಬರೂ ಇದ್ದರು.

ಪರೀಕ್ಷೆ ಸುಲಭ. ಒಂದು ಚಾನೆಲನ್ನು ತಲೆಕೆಳಗು ಮಾಡಿ ಇನ್ನೊಂದಕ್ಕೆ ಕೂಡಿಸಿದರೆ, ಎರಡರಲ್ಲೂ ಸಮವಾಗಿ ಇದ್ದದ್ದೆಲ್ಲ ಹೊಡೆದುಹೋಗುತ್ತದೆ. sox ಬರೆದವರು ಈ ಕೆಲಸಕ್ಕೆ ಇಟ್ಟ ಹೆಸರು ನೋಡಿ ನನಗೆ ಇನ್ನೂ ನಗು ಬರುತ್ತದೆ:

```
sox vali.wav -n oops stat
```

ಉತ್ತರದಲ್ಲಿ Maximum amplitude ಸೊನ್ನೆಯ ಹತ್ತಿರ ಬಂದರೆ ಎರಡೂ ಒಂದೇ, ಒಡೆಯುವ ಶ್ರಮ ಬೇಡ. ಹಳೆಯ ಕ್ಯಾಸೆಟ್ಟಾದರೆ ಪೂರ್ತಿ ಸೊನ್ನೆ ಆಗುವುದಿಲ್ಲ. ಟೇಪಿನ ಹಿಸ್ಸು ಉಳಿಯುತ್ತದೆ, ಡೆಕ್ಕಿನ ಹೆಡ್ಡು ತುಸು ಓರೆಯಾಗಿದ್ದರೆ ಸಕಾರ ಶಕಾರಗಳ ಚೂರುಗಳೂ ಉಳಿಯುತ್ತವೆ. ಅದನ್ನು ಕೇಳಿ ಎರಡನೆಯ ದನಿ ಸಿಕ್ಕಿತೆಂದು ಖುಷಿಪಡಬಾರದು.

ಇಷ್ಟಾದ ಮೇಲೆ ನನ್ನ ಜಗಳಕ್ಕೆ ಬರುತ್ತೇನೆ. ಮಣಿಪಾಲದಲ್ಲಿ ನನಗೆ ಪರಿಚಯದ ಒಬ್ಬ ಹುಡುಗನಿದ್ದಾನೆ, ಕೈಚಳಕದವನು. ಅವನ ಪ್ರಕಾರ ಒಡೆಯುವುದೇ ದಂಡ. "ಎರಡನ್ನೂ ಕೂಡಿಸಿ ಮೋನೋ ಮಾಡಿ ಬಿಸಾಡಿ ಸರ್, ಬಸ್ಸಿನಲ್ಲಿ ಕೇಳುವವರಿಗೆ ಅಷ್ಟು ಸಾಕು." ಬಸ್ಸಿಗೆ ಸಾಕು, ಒಪ್ಪಿದೆ. ಆದರೆ ಒಡೆದಿಟ್ಟದ್ದನ್ನು ಯಾವಾಗ ಬೇಕಾದರೂ ಕೂಡಿಸಬಹುದು, ಕೂಡಿಸಿದ್ದನ್ನು ಒಡೆಯಲು ಬರುವುದಿಲ್ಲ. ಅವನು ಕೂಡಿಸಿ, ಮೂಲವನ್ನು ಅಳಿಸಿ, ಎಂಪಿ3 ಮಾಡಿ ಕಳಿಸುತ್ತಾನೆ. ಕಡಿಮೆ ಬಿಟ್‌ರೇಟಿನ ಎಂಪಿ3 ಸ್ಟೀರಿಯೊ ಇದ್ದರೂ ನಂಬುವ ಹಾಗಿಲ್ಲ. ಜಾಗ ಉಳಿಸಲು ಅದು ಎಡಬಲಗಳ ಮೊತ್ತವನ್ನೂ ವ್ಯತ್ಯಾಸವನ್ನೂ ಬರೆದಿಟ್ಟುಕೊಂಡು, ವ್ಯತ್ಯಾಸದಲ್ಲಿ ಜಿಪುಣತನ ಮಾಡುತ್ತದೆ. ಒಡೆದು ಕೇಳಿದರೆ ವಾಲಿಯ ಫೈಲಿನ ತಳದಲ್ಲಿ ರಾಮನ ಗುಳುಗುಳು ದನಿ ಹರಿಯುತ್ತಿರುತ್ತದೆ. ವಾಟ್ಸಾಪ್ ದನಿ ಸಂದೇಶವಂತೂ ಮೋನೋ. ಆದ್ದರಿಂದ ನನಗೆ ಕಳಿಸುವವರಿಗೆ ಒಂದೇ ಮಾತು: ವೇವ್ ಫೈಲು ಕಳಿಸಿ, ಡಾಕ್ಯುಮೆಂಟ್ ಆಗಿ ಕಳಿಸಿ.

ಕೂಡಿಸಿದಾಗ ಆಗುವ ಹಾನಿ ಇದೇ ಕಾಪುವಿನ ಕೂಟದಲ್ಲಿ ಚೆನ್ನಾಗಿ ಕೇಳುತ್ತದೆ. ಇಬ್ಬರು ಅರ್ಥಧಾರಿಗಳ ನಡುವೆ ಎರಡು ಮೀಟರು ಅಂತರ, ಅವರವರ ಬಾಯಿಗೂ ಮೈಕಿಗೂ ಗೇಣುದ್ದ. ರಾಮನ ಮಾತು ವಾಲಿಯ ಮೈಕಿಗೂ ಬೀಳುತ್ತದೆ, ಆದರೆ ಸುಮಾರು 5 ಮಿಲಿಸೆಕೆಂಡು ತಡವಾಗಿ, ಬಹಳ ಸಣ್ಣದಾಗಿ. ಅದರಿಂದ ಅಂಥ ತೊಂದರೆಯಿಲ್ಲ. ತೊಂದರೆ ಭಾಗವತರದ್ದು. ಅವರು ಇಬ್ಬರಿಂದಲೂ ಹೆಚ್ಚುಕಡಿಮೆ ಸಮದೂರದಲ್ಲಿ ಕೂತಿರುತ್ತಾರೆ, ಎರಡೂ ಮೈಕಿಗೆ ಒಂದೇ ಗಾತ್ರದಲ್ಲಿ ಬೀಳುತ್ತಾರೆ. ಒಂದು ಮೈಕ್ ಅವರಿಗೆ 30 ಸೆಂಟಿಮೀಟರು ಹತ್ತಿರವಿದ್ದರೆ ದನಿ ಅಲ್ಲಿಗೆ ಒಂದು ಮಿಲಿಸೆಕೆಂಡಿಗೆ ತುಸು ಕಡಿಮೆ ಮೊದಲೇ ತಲುಪುತ್ತದೆ. ಕೂಡಿಸಿದಾಗ 570 ಹರ್ಟ್ಸಿನ ಆಸುಪಾಸಿನಲ್ಲೊಂದು ಗುಂಡಿ, 1,700ರ ಹತ್ತಿರ ಇನ್ನೊಂದು, ಹೀಗೆ ಮೇಲೆ ಹೋದಷ್ಟೂ ಗುಂಡಿಗಳು. ವಾಲಿ ಆವೇಶದಲ್ಲಿ ಮುಂದೆ ಬಾಗಿದರೆ ಅಂತರ ಬದಲಾಗಿ ಗುಂಡಿಗಳೆಲ್ಲ ಜಾಗ ಬದಲಿಸುತ್ತವೆ. ಭಾಗವತರು ಬಾವಿಯೊಳಗೆ ಇಳಿಯುತ್ತ ಹತ್ತುತ್ತ ಹಾಡಿದಂತೆ ಕೇಳುತ್ತದೆ. ಬೇರೆ ಇಟ್ಟ ಟ್ರ್ಯಾಕುಗಳಲ್ಲಿ ಪದ್ಯ ಬರುವಾಗ ಒಂದನ್ನು ಪೂರ್ತಿ ಇಳಿಸಿ, ಇನ್ನೊಂದರಲ್ಲೇ ಹಾಡಲು ಬಿಟ್ಟರೆ ಈ ರೋಗವೇ ಇಲ್ಲ. ಹುಡುಗನಿಗೆ ಇದನ್ನು ಕೇಳಿಸಿದೆ. "ಎಫೆಕ್ಟ್ ಚೆನ್ನಾಗಿದೆ ಸರ್" ಅಂದ.

ಅವನಿಗಿಂತ ಹೆಚ್ಚು ಸಿಟ್ಟು ಬರುವುದು ಇನ್ನೊಂದು ಪಂಗಡದ ಮೇಲೆ. ಇವರು ಒಡೆಯುತ್ತಾರೆ, ಶ್ರದ್ಧೆಯಿಂದಲೇ ಒಡೆಯುತ್ತಾರೆ. ಒಡೆದ ಮೇಲೆ ಶುದ್ಧಿಯ ಹುಚ್ಚು ಹಿಡಿಯುತ್ತದೆ. ವಾಲಿ ಮಾತಾಡದ ಜಾಗದಲ್ಲೆಲ್ಲ ಗೇಟ್ ಹಾಕಿ ನುಣ್ಣಗೆ ಸೊನ್ನೆ ಮಾಡುತ್ತಾರೆ. ಮೊದಲ ಫಲ: ಮಾತು ಬಂದಾಗ ಫ್ಯಾನು, ಮಾತು ನಿಂತಾಗ ಫ್ಯಾನಿಲ್ಲ. ಕಾಪುವಿನಲ್ಲಾದರೆ ಕಡಲೂ ಹಾಗೇ, ರಾಮ ಬಾಯಿ ತೆರೆದಾಗ ಮಾತ್ರ ಮೊರೆಯುತ್ತದೆ. ಎರಡನೆಯದು, ಕೆಲವರು ಆ ಖಾಲಿ ಜಾಗಗಳನ್ನು ಕತ್ತರಿಸಿಯೇ ತೆಗೆಯುತ್ತಾರೆ. ಎರಡು ಟ್ರ್ಯಾಕುಗಳ ಉದ್ದ ಬೇರೆಯಾಯಿತೆಂದರೆ ವಾಲಿಯ ಪ್ರಶ್ನೆಗೆ ರಾಮ ಮೊದಲೇ ಉತ್ತರಿಸಿಬಿಡುತ್ತಾನೆ. ಅವತಾರಪುರುಷನಿಗೆ ಸಾಧ್ಯ, ಅರ್ಥಧಾರಿಗೆ ಅಲ್ಲ.

ಆದರೆ ನಿಜವಾದ ನಷ್ಟ ಇವೆರಡೂ ಅಲ್ಲ. ಮಾತಾಡದವನ ಟ್ರ್ಯಾಕೇ ನನ್ನ ಮಟ್ಟಿಗೆ ಈ ಇಡೀ ಉಪದ್ವ್ಯಾಪದ ಸಂಬಳ. ರಾಮ ಮರೆಯಿಂದ ಬಾಣ ಬಿಟ್ಟದ್ದಕ್ಕೆ ಕಾರಣ ಹೇಳುವಾಗ ಸಭೆಯೆಲ್ಲ ರಾಮನನ್ನೇ ನೋಡುತ್ತಿರುತ್ತದೆ. ನಾನು ಮನೆಯಲ್ಲಿ ರಾಮನನ್ನು ಮುಚ್ಚಿ ಎಡಗಡೆಯದನ್ನು ಮಾತ್ರ ಹಾಕಿಕೊಳ್ಳುತ್ತೇನೆ. ದೂರದಿಂದ ರಾಮನ ದನಿ, ಗೋಡೆಯಾಚೆಯಿಂದ ಬಂದ ಹಾಗೆ. ಹತ್ತಿರದಲ್ಲಿ ಎಲೆಯಡಿಕೆಯ ಡಬ್ಬಿ ಮುಚ್ಚಿದ ಸದ್ದು. ಭ್ರಾತೃಪತ್ನಿಯ ಮಾತು ಬಂದಾಗ ಒಂದು "ಹೂಂ". ಮೃಗಯಾ ಧರ್ಮದ ಮಾತಿಗೆ, ಅಂದರೆ ವಾನರನೆಂದರೆ ಬೇಟೆಯ ಮೃಗ ತಾನೇ ಎಂಬಲ್ಲಿಗೆ, ಮೂಗಿನಿಂದ ಒಂದು ಉಸಿರು, ನಗುವಿಗೂ ಮೊದಲಿನದ್ದು. ರಾಮ ಇನ್ನೂ ನಾಲ್ಕು ವಾಕ್ಯ ಮುಂದುವರಿದ. ವಾಲಿ ಆಮೇಲೆ ಎತ್ತಿಕೊಂಡದ್ದು ಆ ನಾಲ್ಕನ್ನಲ್ಲ, ಮೃಗದ ಮಾತನ್ನೇ: ಮೃಗವಾದರೆ ನನಗೆ ಧರ್ಮೋಪದೇಶ ಯಾಕೆ, ಧರ್ಮ ಗೊತ್ತಿರಬೇಕಾದವನಾದರೆ ಬೇಟೆ ಹೇಗೆ? ಸಭೆ ಚಪ್ಪಾಳೆ ಹೊಡೆಯಿತು. ಆ ಉತ್ತರ ಎಲ್ಲಿ ಹುಟ್ಟಿತೆಂಬುದು ಮಾತ್ರ ಆ ಉಸಿರಿನಲ್ಲಿದೆ. ಗೇಟ್ ಹಾಕುವವರು ಮೊಟ್ಟಮೊದಲು ಕೊಲ್ಲುವುದು ಅದನ್ನೇ. "ಅನಗತ್ಯ ಶಬ್ದ ತೆಗೆದಿದ್ದೇವೆ" ಎಂದು ಬರೆದು ಕಳಿಸುತ್ತಾರೆ. ಯಾರಿಗೆ ಅನಗತ್ಯ? ಇಪ್ಪತ್ತು ವರ್ಷ ಅರ್ಥ ಕಲಿಯುವವನು ಎದುರಾಳಿಯ ಮುಖ ನೋಡಿ ಹುಡುಕುವುದು ಅದನ್ನೇ ಅಲ್ಲವೇ!

ಹಾಗಾಗಿ ನಾನು ಸುಮ್ಮನಿರುವವನ ಟ್ರ್ಯಾಕನ್ನು ಮುಚ್ಚುವುದಿಲ್ಲ, 10 ಡೆಸಿಬೆಲ್ ಇಳಿಸುತ್ತೇನೆ ಅಷ್ಟೆ. ಇಳಿಕೆ, ಏರಿಕೆ ಎರಡೂ ಅರ್ಧ ಸೆಕೆಂಡಿನ ಇಳಿಜಾರಿನಲ್ಲಿ. ಫ್ಯಾನು ಹಾರುವುದಿಲ್ಲ, "ಹೂಂ" ಉಳಿಯುತ್ತದೆ. ಸಂಗ್ರಹಕ್ಕೆ ಇಡುವ ಜೋಡಿಗಂತೂ ಅದನ್ನೂ ಮಾಡುವುದಿಲ್ಲ. ರೆಕಾರ್ಡರಿನ ಆಟೋ ಲೆವೆಲ್ ಮೊದಲೇ ಆಫ್ ಮಾಡಿಟ್ಟಿರಬೇಕು ಎಂಬುದನ್ನು ಬೇರೆ ಹೇಳಬೇಕೇ? ಎಷ್ಟೋ ಯಂತ್ರಗಳಲ್ಲಿ ಅದು ಎರಡೂ ಚಾನೆಲ್ಲನ್ನು ಒಟ್ಟಿಗೆ ಎಳೆಯುತ್ತದೆ. ರಾಮ ಗುಡುಗಿದರೆ ವಾಲಿಯ ಉಸಿರು ತಗ್ಗುತ್ತದೆ, ರಾಮ ನಿಂತ ಕೂಡಲೇ ಫ್ಯಾನು ಉಬ್ಬಿ ಬರುತ್ತದೆ. ಆ ಉಬ್ಬರ ಕೇಳಿದರೆ ಒಡೆದೂ ಪ್ರಯೋಜನ ಕಮ್ಮಿ ಎಂದು ತಿಳಿಯಬಹುದು.

ಕಾಪುವಿನ ಕೂಟದ ಎರಡೂ ಫೈಲುಗಳನ್ನು ಅರ್ಥಧಾರಿಗಳಿಬ್ಬರಿಗೂ ಭಾಗವತರಿಗೂ ಕಳಿಸಿದೆ. ವಾಲಿಯವರು ತಮ್ಮದನ್ನು ಕೇಳಿ, ಡಬ್ಬಿಯ ಸದ್ದು ಇಷ್ಟು ಜೋರು ಉಂಟಾ ಎಂದು ನಾಚಿದರು. ರಾಮನವರು ವಾಲಿಯದನ್ನೇ ಮೊದಲು ಕೇಳಿದ್ದರು, "ಅಲ್ಲಿ ಉಸಿರು ಬಿಟ್ಟದ್ದು ನನಗೆ ಕೂತಲ್ಲಿ ಗೊತ್ತಾಗಿದ್ರೆ ಮೃಗದ ಮಾತು ಅಲ್ಲೇ ತಿರುಗಿಸ್ತಿದ್ದೆ" ಅಂದರು. ಮುಂದಿನ ಕೂಟಕ್ಕೆ ಇಬ್ಬರೂ ಹುಷಾರು. ಭಾಗವತರು ಮಾತ್ರ ಎರಡೂ ಫೈಲು ಪೂರ್ತಿ ಕೇಳಿ ಫೋನ್ ಮಾಡಿದರು. "ಅಲ್ಲ ಮಾರಾಯ್ರೆ, ವಾಲಿಯದ್ದು ಎಡಗಿವಿ, ರಾಮನದ್ದು ಬಲಗಿವಿ. ರಾತ್ರಿಯಿಡೀ ಹಾಡಿದ್ದು ನಾನು. ನನ್ನದು ಯಾವ ಕಿವಿ?" ಅದಕ್ಕೆ ಎರಡು ಚಾನೆಲ್ಲಿನಲ್ಲಿ ಉತ್ತರವಿಲ್ಲ. ನಾಲ್ಕು ಟ್ರ್ಯಾಕಿನ ರೆಕಾರ್ಡರಿನ ಬೆಲೆ ವಿಚಾರಿಸುತ್ತಿದ್ದೇನೆ. ಮದ್ದಳೆಯವರಿಗೆ ಇನ್ನೂ ಹೇಳಿಲ್ಲ.