ಪುಟ್ ರೋಲ್ ಮಾಡೋದು: ಕಾಯೋದಾ, ಮುಂದೂಡೋದಾ? (ಭಾಗ 4)

ಹಾವೇರಿ ಕಾಲೇಜಿನ ಗೆಳೆಯರೇ, ನನ್ನ ಲಾಭದ ಸ್ಕ್ರೀನ್‌ಶಾಟ್ ನೋಡಿದ್ದೀರಿ. ಇವತ್ತು ನಷ್ಟದ ಲೆಕ್ಕ ನೋಡ್ರಿ.

1️⃣ ಒಂದು ಶೇರು ₹520 ಇದ್ದಾಗ 500ರ ಪುಟ್ ಮಾರಿದೆ. ಪ್ರೀಮಿಯಂ ₹12, ಲಾಟ್ 1000. ಅಂದ್ರೆ ಶೇರು ಎಷ್ಟೇ ಬಿದ್ದರೂ ₹500ಕ್ಕೆ ಕೊಳ್ತೀನಿ ಅಂತ ಮಾತು ಕೊಟ್ಟಂಗೆ. ಎಕ್ಸ್‌ಪೈರಿಗೆ ಒಂದು ವಾರ ಇರುವಾಗ ಶೇರು 480ಕ್ಕೆ ಬಂತು, ಪುಟ್ ₹22 ಆಯ್ತು. ಅಲ್ಲೇ ಮುಗಿಸಿದ್ರೆ ನಷ್ಟ ₹10,000.

2️⃣ ಮುಗಿಸಲಿಲ್ಲ, ರೋಲ್ ಮಾಡಿದೆ. ₹22 ಕೊಟ್ಟು ಹಳೇದನ್ನ ವಾಪಸ್ ಕೊಂಡು, ಮುಂದಿನ ತಿಂಗಳ 500ರ ಪುಟ್ಟನ್ನೇ ₹30ಕ್ಕೆ ಮಾರಿದೆ. ಕೈಗೆ ₹8 ಹೆಚ್ಚು ಬಂತು. ಒಟ್ಟು ₹20 ಸಿಕ್ಕಿದ್ದರಿಂದ ನನ್ನ ಬ್ರೇಕ್‌ಈವನ್ 488ರಿಂದ 480ಕ್ಕೆ ಇಳೀತು. ಈ ರೋಲ್ ತಪ್ಪಲ್ಲ. ಲಾಟ್ ಅಷ್ಟೇ, ಕಾಯೋದಕ್ಕೆ ದುಡ್ಡೂ ಬಂತು.

3️⃣ ಮುಂದಿನ ತಿಂಗಳು ಶೇರು 440. ಈಗ ನನ್ನ ಪುಟ್ ₹60, ಅದರ ಮುಂದಿನ ತಿಂಗಳದ್ದು ₹61. ಪುಟ್ ಇಷ್ಟು ಒಳಗೆ ಹೋದ್ಮೇಲೆ ಟೈಮ್ ವ್ಯಾಲ್ಯೂ ಉಳಿಯೋದಿಲ್ಲ. ಒಂದು ರೂಪಾಯಿ ಖರ್ಚಿಗೇ ಹೋಗ್ತದೆ. ರೋಲ್ ಕೆಲಸ ಮಾಡ್ತಿಲ್ಲ ಅನ್ನೋ ಗುರುತು ಇದೇ.

ನಾನು ಜಾಣತನ ಮಾಡಿದೆ. 460ರ ಪುಟ್ ₹30ರಂತೆ ಎರಡು ಲಾಟ್ ಮಾರಿದೆ. ಜೇಬಿನಿಂದ ಏನೂ ಹೋಗಲಿಲ್ಲ, ಬ್ರೇಕ್‌ಈವನ್ 450 ಅಂತ ಖುಷಿಪಟ್ಟೆ. ಆದ್ರೆ ₹5 ಲಕ್ಷದ ಮಾತು ₹9.2 ಲಕ್ಷ ಆಗಿತ್ತು. ಹೆಚ್ಚಿನ ಮಾರ್ಜಿನ್‌ಗೆ ಅಪ್ಪ ಮನಿ ಕಟ್ಟಾಕ ಇಟ್ಟ ದುಡ್ಡು ಹಾಕಿದೆ. ಅವರಿಗೆ ಹೇಳಲಿಲ್ಲ.

4️⃣ ಆ ಎಕ್ಸ್‌ಪೈರಿಗೆ ಶೇರು 400. ಒಂದೇ ಲಾಟ್ ಇಟ್ಟಿದ್ರೆ ಒಟ್ಟು ನಷ್ಟ ಸುಮಾರು ₹80,000. ನನಗೆ ಆಗಿದ್ದು ₹1 ಲಕ್ಷ. ಇನ್ನೂ ಬಿದ್ದಿದ್ರೆ ಪ್ರತಿ ರೂಪಾಯಿಗೆ ₹2,000 ಹೋಗ್ತಿತ್ತು. ನಮ್ಮಲ್ಲಿ ಸ್ಟಾಕ್ ಆಪ್ಷನ್‌ಗೆ ಡೆಲಿವರಿ ಇದೆ. ಸುಮ್ಮನೆ ಬಿಟ್ಟಿದ್ರೆ 2000 ಶೇರು ಕೊಳ್ಳಲೇಬೇಕಿತ್ತು. ನಷ್ಟದಲ್ಲೇ ಮುಗಿಸಿದೆ.

5️⃣ ರಾಣೆಬೆನ್ನೂರಿಗೆ ಹೋಗಿ ಅಪ್ಪನಿಗೆ ಹೇಳಿದೆ. ಅವರು ಮಾತಾಡಲಿಲ್ಲ. ಬ್ಯಾಡಗಿ ಕಾಕಾ ಮಾತಾಡಿದರು. ಅವರು ರೇಟ್ ಬಿದ್ದಾಗ ಮೆಣಸಿನಕಾಯಿ ಚೀಲ ಕೋಲ್ಡ್ ಸ್ಟೋರೇಜ್‌ನಲ್ಲಿ ಇಡೋರು.

“ಇಡೂ ಮುಂಚೆ ನನ್ನ ನಾನ ಕೇಳ್ಕೊಂತೀನಿ. ಈ ಚೀಲ ನನ್ನ ಹತ್ರ ಇಲ್ಲಂದ್ರ, ಇವತ್ತಿನ ರೇಟಿಗೆ ತಗೊಂಡು ಇಡ್ತಿದ್ನೇನು? ಇಲ್ಲ ಅಂದ್ರ ಅವತ್ತ ಮಾರಿಬಿಡ್ತೀನಿ.”

ರೋಲ್‌ಗೂ ಇದೇ ಪ್ರಶ್ನೆ. ಹಳೇ ನಷ್ಟ ಮರೆತು, ಈ ಹೊಸ ಪುಟ್ಟನ್ನ ಇವತ್ತು ಹೊಸದಾಗಿ ಮಾರ್ತಿದ್ರಾ? ಲಾಟ್ ಹೆಚ್ಚಿಸದೆ ಖರ್ಚು ಕಳೆದು ದುಡ್ಡು ಬರ್ತದಾ? ಶೇರು ಬಂದು ಬಿದ್ದರೆ ಕೊಳ್ಳೋಕೆ ನಿಮ್ಮದೇ ಹಣ ಇದೆಯಾ? ಮೂರಕ್ಕೂ ಹೌದು ಅಂದ್ರೆ ಮಾಡಿ. ಒಂದಕ್ಕೆ ಇಲ್ಲ ಅಂದ್ರೂ ನೀವು ನಷ್ಟದ ತಾರೀಖು ಬದಲಾಯಿಸ್ತಿದ್ದೀರಿ, ಅಷ್ಟೇ.

ಅಪ್ಪನ ದುಡ್ಡು ತಿಂಗಳಿಗೆ ₹6,000ದಂತೆ ತೀರಿಸ್ತಿದ್ದೀನಿ. ಇನ್ನೂ 11 ಕಂತು ಇವೆ.

#ಹಾವೇರಿ #ರಾಣೆಬೆನ್ನೂರು #ಬ್ಯಾಡಗಿ #ಆಪ್ಷನ್‌ಲೆಕ್ಕ