ಅರೆಯಬಾರದ ಮಾತ್ರೆ

ಪಾರ್ಶ್ವವಾಯುವಿನ ಬಳಿಕ ನನ್ನ ತಾಯಿಯವರಿಗೆ ಮಾತ್ರೆ ನುಂಗುವುದು ದುಸ್ತರವಾಯಿತು. ರಕ್ತದೊತ್ತಡದ ನಿಫೆಡಿಪಿನ್ ರಿಟಾರ್ಡ್ ಮಾತ್ರೆಯನ್ನು ಅರೆದು ಜೇನಿನಲ್ಲಿ ಕೊಡಬಹುದೇ ಎಂದು ತಂಗಿ ಕೇಳಿದಾಗ, ಚಿಕ್ಕೋಡಿಯ ಔಷಧ ಅಂಗಡಿಯವರು ಕೂಡದೆಂದರು. ಹಲವು ತಾಸುಗಳಲ್ಲಿ ನಿಧಾನವಾಗಿ ಬಿಡುಗಡೆಯಾಗಬೇಕಾದ ಮದ್ದು, ಅರೆದರೆ ಒಮ್ಮೆಲೇ ರಕ್ತಕ್ಕೆ ಸೇರಿ ಒತ್ತಡವನ್ನು ಹಠಾತ್ತನೆ ಕುಸಿಸಬಲ್ಲದು. ತಲೆಸುತ್ತು, ಮುಖ ಕೆಂಪೇರುವುದು, ಎದೆಬಡಿತ ಅದರ ಗುರುತುಗಳು.

ವೈದ್ಯರು ಅಮ್ಲೋಡಿಪಿನ್ ಬರೆದುಕೊಟ್ಟರು. ಇದರ ದೀರ್ಘ ಪರಿಣಾಮವು ಮಾತ್ರೆಯ ರಚನೆಯಿಂದಲ್ಲ, ಮದ್ದಿನ ಗುಣದಿಂದಲೇ ಬರುವಂಥದು. ಆದ್ದರಿಂದ ಅವರು ಹೇಳಿದಂತೆ ಪುಡಿಮಾಡಿ ಒಂದು ಚಮಚ ಮೊಸರಿನಲ್ಲಿ ಕೊಡುತ್ತಿದ್ದೇವೆ.

ಸ್ಟ್ರಿಪ್ಪಿನ ಮೇಲೆ ರಿಟಾರ್ಡ್, ಎಸ್.ಆರ್., ಎಕ್ಸ್.ಎಲ್. ಎಂದಿದ್ದರೆ ಅರೆಯುವ, ಮುರಿಯುವ ಮುನ್ನ ಕೇಳಿರಿ. ನುಂಗಲಾಗದೆಂದು ಮದ್ದನ್ನೇ ನಿಲ್ಲಿಸದೆ, ಅದೇ ಕೆಲಸ ಮಾಡುವ ಸಾದಾ ಮಾತ್ರೆಯೋ ದ್ರವೌಷಧವೋ ಇದೆಯೇ ಎಂದು ವೈದ್ಯರಲ್ಲಿ ವಿಚಾರಿಸಿರಿ.